ಗೆಳತಿಯ ಮದುವೆಯಲ್ಲಿ ಬ್ರೈಡ್ಸ್‌ಮೇಡ್ ಆಗಿ ನಿಲ್ಲಲಾರೆ ಅಂತ ಹೇಳೋದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಊರು ಕುಂದಾಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನನ್ನ ಹಾಸ್ಟೆಲ್ ಗೆಳತಿಯ ಮದುವೆ ಜನವರಿಯಲ್ಲಿ, ಮಂಗಳೂರಿನಲ್ಲಿ. ಅವಳು ಕ್ಯಾಥೊಲಿಕ್, ನಾವು ಹಿಂದೂಗಳು. ಸೆಪ್ಟೆಂಬರಿನಲ್ಲಿ ಕೆಫೆಗೆ ಕರೆದು, ಒಂದು ಗಿಫ್ಟ್ ಬಾಕ್ಸ್ ಕೈಗಿಟ್ಟು, "ನನ್ನ ಬ್ರೈಡ್ಸ್‌ಮೇಡ್ ಆಗ್ತೀಯಾ?" ಅಂತ ಕೇಳಿದಳು. ಇನ್ನೊಬ್ಬಳು ವಿಡಿಯೊ ಮಾಡ್ತಿದ್ದಳು. ನಾನು ನಕ್ಕು ತಬ್ಬಿಕೊಂಡೆ, ಅಷ್ಟೇ. ಮರುದಿನ "ರಜೆ ನೋಡಿ ಹೇಳ್ತೇನೆ ಮಾರಾಯ್ತಿ" ಅಂದೆ. ಅಷ್ಟರಲ್ಲಿ ವಾಟ್ಸಾಪ್ ಗುಂಪಿಗೆ ಸೇರಿಸಿ ಆಗಿತ್ತು. ಈಗ ಅಕ್ಟೋಬರ್. ಗೌನಿಗೆ ಅಳತೆ ಕೇಳ್ತಿದ್ದಾರೆ, ಡ್ಯಾನ್ಸ್ ಕಲಿಯೋ ವಿಡಿಯೊಗಳು ಬರ್ತಿವೆ. ಖರ್ಚು ಜಾಸ್ತಿ, ರಜೆಯೂ ಕಷ್ಟ. ಆದರೆ ನಿಜವಾದ ಕಾರಣ ಬೇರೆ. ಎಂಟು ತಿಂಗಳ ಹಿಂದೆ ನನ್ನ ನಿಶ್ಚಿತಾರ್ಥ ಮುರಿದುಬಿತ್ತು. ಅದು ಅವಳಿಗೆ ಗೊತ್ತು. ನಾನಿನ್ನೂ ಅದರಿಂದ ಹೊರಗೆ ಬಂದಿಲ್ಲ ಅನ್ನೋದು ಗೊತ್ತಿಲ್ಲ. ಅಷ್ಟು ಜನರ ಎದುರು ಸ್ಟೇಜಿನ ಮೇಲೆ ನಿಲ್ಲೋದು ನೆನೆಸಿಕೊಂಡರೇ ಹೊಟ್ಟೆ ತೊಳೆಸುತ್ತದೆ. "ಮನೇಲಿ ಬಿಡಲ್ಲ" ಅಂತ ಹೇಳಿ ತಪ್ಪಿಸಿಕೊಳ್ಳಲಾ? ನಾನು ಹಿಂದೆ ಸರಿದರೆ ಚರ್ಚಿನಲ್ಲಿ ಮದುವೆಗೆ ಏನಾದರೂ ತೊಡಕಾಗುತ್ತದಾ? ಹನ್ನೊಂದು ವರ್ಷದ ಸ್ನೇಹ ಹೋಗುತ್ತದಾ?

ಉತ್ತರ: ಮೊದಲು ಚರ್ಚಿನ ವಿಷಯ ಮುಗಿಸಿಬಿಡೋಣ, ಅದು ಸುಲಭ. ಕ್ಯಾಥೊಲಿಕ್ ಮದುವೆ ಸಿಂಧುವಾಗಲು ಮದುಮಕ್ಕಳ ಜೊತೆಗೆ ಅಧಿಕಾರ ಇರುವ ಒಬ್ಬ ಗುರುಗಳು ಮತ್ತು ಇಬ್ಬರು ಸಾಕ್ಷಿಗಳು ಇರಬೇಕು. 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 1108ನೇ ನಿಯಮ ಇದನ್ನು ಹೇಳುತ್ತದೆ. ಅದರಲ್ಲಿ ಬ್ರೈಡ್ಸ್‌ಮೇಡ್ ಅನ್ನೋ ಮಾತೇ ಇಲ್ಲ. ವಧುವಿನ ಪಕ್ಕದಲ್ಲಿ ಧೆಡಿ, ಅಂದರೆ ಬ್ರೈಡ್ಸ್‌ಮೇಡ್, ವರನ ಪಕ್ಕದಲ್ಲಿ ಧೆಡೊ ನಿಲ್ಲೋದು ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಸಂಪ್ರದಾಯ. ಸಾಮಾನ್ಯವಾಗಿ ಅವರಿಬ್ಬರೇ ರಿಜಿಸ್ಟರಿಗೆ ಸಾಕ್ಷಿ ಸಹಿ ಹಾಕುತ್ತಾರೆ. ಅದಕ್ಕೇ ಧೆಡಿ, ಸಾಕ್ಷಿ ಎರಡೂ ಒಂದೇ ಅಂತ ಜನ ಅಂದುಕೊಂಡಿದ್ದಾರೆ. ಧೆಡಿ ಇಲ್ಲದಿದ್ದರೂ ಮದುವೆ ಮದುವೆಯೇ. ಸಹಿಯನ್ನು ಅವಳ ಚಿಕ್ಕಮ್ಮನ ಮಗಳು ಹಾಕಬಹುದು, ಪಕ್ಕದ ಮನೆಯವರೂ ಹಾಕಬಹುದು.

ಸಾಕ್ಷಿ ಕ್ಯಾಥೊಲಿಕರೇ ಆಗಿರಬೇಕು ಅನ್ನೋ ಷರತ್ತೂ ಆ ನಿಯಮದಲ್ಲಿಲ್ಲ. ನಡೆಯುತ್ತಿರೋದು ಏನು ಅಂತ ಅರ್ಥವಾಗಬೇಕು, ನಾಳೆ ಯಾರಾದರೂ ಕೇಳಿದರೆ "ನಾನು ಕಣ್ಣಾರೆ ಕಂಡಿದ್ದೇನೆ" ಅಂತ ಹೇಳಲು ಆಗಬೇಕು, ಅಷ್ಟೇ. ಅಂದರೆ ನೀವು ಹಿಂದೂ ಅನ್ನೋದು ಅಲ್ಲಿ ನಿಲ್ಲೋಕೆ ಅಡ್ಡಿ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನೀವು ಯೋಚಿಸಿರೋ ನೆಪಕ್ಕೆ ಇದು ನೇರವಾಗಿ ಸಂಬಂಧಿಸಿದೆ. ಒಂದು ಸಣ್ಣ ವ್ಯಾವಹಾರಿಕ ವಿಷಯ ಮಾತ್ರ ಇದೆ. ಕೆಲವು ಚರ್ಚುಗಳಲ್ಲಿ ಸಾಕ್ಷಿಗಳ ಹೆಸರನ್ನು ಮೊದಲೇ ಬರೆಸಿಕೊಳ್ಳುತ್ತಾರೆ. ಕೆಲವು ಮನೆಯವರು ಬಲಿಪೂಜೆ ಅನ್ನೋ ಚರ್ಚಿನ ಪೂಜಾವಿಧಿಯ ಪುಸ್ತಿಕೆಯಲ್ಲಿ ಧೆಡಿ, ಧೆಡೊ ಹೆಸರು ಅಚ್ಚು ಹಾಕಿಸುತ್ತಾರೆ. ಅದು ಪ್ರೆಸ್ಸಿಗೆ ಹೋಗೋ ಮೊದಲು ಹೇಳಿದರೆ ಯಾರಿಗೂ ತೊಂದರೆ ಇಲ್ಲ.

ಇನ್ನು ನೀವು ಏನನ್ನು ಒಪ್ಪಿಕೊಂಡಿದ್ದೀರಿ, ಅಥವಾ ಒಪ್ಪಿಕೊಂಡಿದ್ದೀರಿ ಅಂತ ಅವಳು ತಿಳಿದುಕೊಂಡಿದ್ದಾಳೆ ಅನ್ನೋದನ್ನು ನೋಡೋಣ. ಬ್ರೈಡ್ಸ್‌ಮೇಡ್ ಅಂದ ಕೂಡಲೇ ನಿಮ್ಮ ಕಣ್ಣಿಗೆ ಚರ್ಚು, ಗೌನು, ಹೂಗುಚ್ಛ ಬಂದಿರಬಹುದು. ಮಂಗಳೂರಿನಲ್ಲಿ ಕೆಲಸ ಶುರುವಾಗೋದು ಹಿಂದಿನ ದಿನ ನಡೆಯುವ ರೋಸ್ ಅನ್ನೋ ಶಾಸ್ತ್ರದಿಂದ. ವಧುವನ್ನು ಮಂಟಪದಲ್ಲಿ ಕೂರಿಸುತ್ತಾರೆ, ಪಕ್ಕದಲ್ಲಿ ಧೆಡಿಯನ್ನೂ ಕೂರಿಸುತ್ತಾರೆ. ಅಪ್ಪ ಅಮ್ಮ, ಅಜ್ಜಿ, ಸೋದರಮಾವ, ಅತ್ತೆಯರು, ಆಮೇಲೆ ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ತೆಂಗಿನಕಾಯಿ ಹಾಲನ್ನು ಮುಖಕ್ಕೆ, ಕೈಗೆ ಹಚ್ಚುತ್ತಾರೆ, ತಲೆಗೆ ಸುರಿಯುತ್ತಾರೆ. ಪಕ್ಕದಲ್ಲಿ ಕೂತವಳಿಗೂ ಅದರ ಪಾಲು ಸಿಗುತ್ತದೆ. ಹಿಂದೆ ವೊವಿಯೊ ಹಾಡು, ಈಗ ಅದರ ಜೊತೆಗೆ ಡಿಜೆಯೂ ಇರುತ್ತದೆ. ಮರುದಿನ ಬೆಳಗಿನ ಜಾವ ಮೇಕಪ್, ಚರ್ಚಿನಲ್ಲಿ ಮೆರವಣಿಗೆ, ವಧುವಿನ ಗೌನಿನ ಸೆರಗು ಸರಿಮಾಡೋದು, ಉಂಗುರ ತೊಡುವಾಗ ಹೂಗುಚ್ಛ ಹಿಡಿದುಕೊಳ್ಳೋದು. ಆಮೇಲೆ ಫೋಟೊ. ಆಮೇಲೆ ರಿಸೆಪ್ಷನ್ ಹಾಲ್‌ಗೆ ಜೋಡಿಜೋಡಿಯಾಗಿ ಪ್ರವೇಶ, ಕೇಕು, ಟೋಸ್ಟ್, ಡ್ಯಾನ್ಸ್. ಗೌನು ಬಿಚ್ಚಿ ಸಾಡೊ ಅನ್ನೋ ಕೆಂಪು ಸೀರೆ ಉಡೋ ಹೊತ್ತಿಗೆ ಪಿನ್ನು ಹಿಡಿದು ನಿಲ್ಲೋದೂ ಧೆಡಿಯೇ.

ಇದರಲ್ಲಿ ನಿಮಗೆ ಕಷ್ಟ ಆಗೋದು ಗೌನಲ್ಲ, ರೋಸ್‌ನ ಆ ಕುರ್ಚಿ ಅಂತ ನನ್ನ ಅಂದಾಜು. ಮೊದಲಿನಿಂದಲೂ ಧೆಡಿಯಾಗಿ ಕೂರೋದು ಮದುವೆಯಾಗದ ಹುಡುಗಿ, ಹೆಚ್ಚಾಗಿ ವಧುವಿನ ತಂಗಿ ಅಥವಾ ಸೋದರಿಕೆಯವಳು. ಹಾಗಾಗಿ ಹಾಲು ಹಚ್ಚಲು ಬಂದ ಆಂಟಿಯರೆಲ್ಲ "ಮುಂದಿನದ್ದು ನಿನ್ನದೇ ಅಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಅಲ್ಲಿ ಅದೇ ಮಾತು, ಅದೇ ಆಶೀರ್ವಾದ. ನಿಶ್ಚಿತಾರ್ಥ ಮುರಿದು ವರ್ಷ ತುಂಬುವ ಮೊದಲೇ, ಎದ್ದು ಹೋಗಲಾಗದ ಜಾಗದಲ್ಲಿ ಕೂತು, ನಗುನಗುತ್ತಾ ಅದೇ ಪ್ರಶ್ನೆಯನ್ನು ಇಡೀ ಸಂಜೆ ಕೇಳಿಸಿಕೊಳ್ಳಬೇಕು. ನಿಮ್ಮ ಹೊಟ್ಟೆ ತೊಳೆಸುವುದರಲ್ಲಿ ಆಶ್ಚರ್ಯ ಏನೂ ಇಲ್ಲ. "ಸುಮ್ನೆ ಹೋಗು, ಅಲ್ಲಿ ಹೋದರೆ ಎಲ್ಲಾ ಸರಿಯಾಗುತ್ತದೆ" ಅಂತ ಯಾರಾದರೂ ಹೇಳಿದರೆ, ಅವರು ರೋಸ್ ನೋಡಿದವರಲ್ಲ ಅಂತ ತಿಳಿಯಿರಿ.

ಈಗ "ಮನೇಲಿ ಬಿಡಲ್ಲ" ಅನ್ನೋ ನೆಪ. ದಯವಿಟ್ಟು ಇದನ್ನು ಹೇಳಬೇಡಿ. ಮದುವೆಗೆ ಮೊದಲಿನ ಸಮಾಲೋಚನೆಗೆ ನನ್ನಲ್ಲಿಗೆ ಬರುವ ಹುಡುಗಿಯರಿಂದ ನಾನು ಕೇಳೋ ದೂರುಗಳಲ್ಲಿ ಇದು ಪದೇ ಪದೇ ಬರುತ್ತದೆ. ಗೆಳತಿ ಬರಲಿಲ್ಲ ಅನ್ನೋದಕ್ಕಿಂತ, ಗೆಳತಿಯ ಮನೆಯವರು ನಮ್ಮನ್ನು ಹಾಗೆ ನೋಡುತ್ತಾರಾ ಅನ್ನೋದು ಅವರನ್ನು ಕೊರೆಯುತ್ತದೆ. ನೀವು "ಮನೇಲಿ ಬಿಡಲ್ಲ" ಅಂದರೆ ಅವಳಿಗೆ ಕೇಳಿಸೋದು "ಚರ್ಚಿನಲ್ಲಿ ನಿಲ್ಲೋದು ನಮ್ಮ ಮನೆಯವರಿಗೆ ಇಷ್ಟ ಇಲ್ಲ" ಅಂತಲೇ. ಬೇರೆ ಅರ್ಥ ಮಾಡಿಕೊಳ್ಳಲು ದಾರಿಯೇ ಇಲ್ಲ. ಕರಾವಳಿಯಲ್ಲಿ ಈ ವಿಷಯ ಎಷ್ಟು ಸೂಕ್ಷ್ಮ ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ಅಮ್ಮ ಆ ಹುಡುಗಿಗೆ ಎಷ್ಟು ಸಲ ಊಟ ಬಡಿಸಿದ್ದರೂ, ಆ ಒಂದು ಮಾತಿನ ನಂತರ ಅದೆಲ್ಲ ಬೇರೆ ಬಣ್ಣದಲ್ಲಿ ಕಾಣಲು ಶುರುವಾಗುತ್ತದೆ. ನಿಮ್ಮ ಒಬ್ಬರ ಸಂಕಟ ತಪ್ಪಿಸಲು ನಿಮ್ಮ ಅಪ್ಪ ಅಮ್ಮನ ತಲೆಯ ಮೇಲೆ ಅವರು ಮಾಡದ ತಪ್ಪನ್ನು ಹಾಕಿದ ಹಾಗಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಆ ನೆಪ ನಿಲ್ಲೋದೂ ಇಲ್ಲ. ಅವಳ ಅಮ್ಮ ನಿಮ್ಮ ಅಮ್ಮನಿಗೆ ಫೋನ್ ಮಾಡುತ್ತಾರೆ. "ಏನಕ್ಕಾ, ಹುಡುಗಿಯನ್ನು ಎರಡು ದಿನಕ್ಕೆ ಕಳಿಸಿಕೊಡಿ, ನಮ್ಮ ಮಗಳ ಹಾಗೆ ನೋಡಿಕೊಳ್ತೇವೆ" ಅನ್ನುತ್ತಾರೆ. ನಿಮ್ಮ ಅಮ್ಮ ಪಾಪ, "ನಾವು ಯಾವಾಗ ಬೇಡ ಅಂದೆವು?" ಅನ್ನುತ್ತಾರೆ. ಆಮೇಲೆ ನೀವು ಸುಳ್ಳು ಹೇಳಿದವಳು, ಜೊತೆಗೆ ಬ್ರೈಡ್ಸ್‌ಮೇಡ್ ಕೂಡ. ಇದೇ ಕಾರಣಕ್ಕೆ ಸೂತಕ, ಜ್ವರ, ಆಫೀಸಿನಿಂದ ವಿದೇಶಕ್ಕೆ ಕಳಿಸ್ತಿದ್ದಾರೆ, ಇವೂ ಬೇಡ. ಜನವರಿಯವರೆಗೆ ಇವುಗಳನ್ನು ಸಾಕೋದು ಕಷ್ಟ.

ಹಾಗಾದರೆ ಖರ್ಚು, ರಜೆ? ಇವು ಸುಳ್ಳಲ್ಲ, ನಿಜವೇ. ಆದರೂ ಇವನ್ನು ಮುಂದೆ ಇಡಬೇಡಿ ಅನ್ನುತ್ತೇನೆ. ಯಾಕೆ ಅಂತ ನೋಡಿ. ಗ್ರ್ಯಾಂಟ್ ಡಾನೆಲಿ, ಆಶ್ಲಿ ವಿಲನ್ಸ್ ಮೊದಲಾದ ಸಂಶೋಧಕರು ಅಮೆರಿಕದಲ್ಲಿ ಈ ನೆಪಗಳನ್ನೇ ಅಧ್ಯಯನ ಮಾಡಿದ್ದಾರೆ. "ಟೈಮ್ ಇಲ್ಲ" ಅಂದವರಿಗಿಂತ "ದುಡ್ಡಿಲ್ಲ" ಅಂದವರನ್ನು ಜನ ಜಾಸ್ತಿ ನಂಬುತ್ತಾರೆ, ಸಂಬಂಧಕ್ಕೂ ಕಡಿಮೆ ಪೆಟ್ಟು ಬೀಳುತ್ತದೆ ಅಂತ ಕಂಡುಬಂತು. ಸಮಯ ನಮ್ಮ ಕೈಯಲ್ಲಿದೆ, ಮನಸ್ಸಿದ್ದರೆ ಹೊಂದಿಸಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದುಡ್ಡು ಹಾಗಲ್ಲ. ಈ ಮಾತು ನಮ್ಮಲ್ಲೂ ಅರ್ಧ ನಿಜ. ರಜೆ ಇಲ್ಲ ಅಂದರೆ "ನನ್ನ ಮದುವೆಗೆ ಎರಡು ದಿನ ಸಿಗಲ್ವಾ?" ಅನ್ನೋ ಪ್ರಶ್ನೆ ತಕ್ಷಣ ಬರುತ್ತದೆ.

ಉಳಿದ ಅರ್ಧ ನಮ್ಮಲ್ಲಿ ಬೇರೆ. ಅಮೆರಿಕದಲ್ಲಿ ಬ್ರೈಡ್ಸ್‌ಮೇಡ್ ತನ್ನ ಡ್ರೆಸ್ಸಿಗೆ ತಾನೇ ದುಡ್ಡು ಕೊಡೋದು ರೂಢಿ. ಹಾಗಾಗಿ ಅಲ್ಲಿ ದುಡ್ಡಿಲ್ಲ ಅಂದರೆ ಮಾತು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ಯಾರು ಕೊಡಬೇಕು ಅನ್ನೋದು ಮನೆಯಿಂದ ಮನೆಗೆ ಬೇರೆ, ಎಷ್ಟೋ ಕಡೆ ಮಾತೇ ಆಗಿರುವುದಿಲ್ಲ. ನೀವು ದುಡ್ಡಿನ ಮಾತು ಎತ್ತಿದ ಕೂಡಲೇ "ಅಷ್ಟೇನಾ? ಗೌನು, ಮೇಕಪ್ ಎಲ್ಲಾ ಅಪ್ಪ ನೋಡ್ಕೊಳ್ತಾರೆ ಮಾರಾಯ್ತಿ" ಅಂತ ಅವಳು ಅಂದುಬಿಡುತ್ತಾಳೆ. ನಿಜವಾಗಿ ಪ್ರೀತಿಯಿಂದಲೇ ಅನ್ನುತ್ತಾಳೆ. ಆಮೇಲೆ ನೀವು ರಜೆಯ ಮಾತು ತೆಗೆಯುತ್ತೀರಿ. ಅವಳು "ಶುಕ್ರವಾರ ರಾತ್ರಿ ಬಸ್ಸಿಗೆ ಬಾ, ಭಾನುವಾರ ರಾತ್ರಿ ಹೋಗು" ಅನ್ನುತ್ತಾಳೆ. ಆಮೇಲೆ ಡ್ಯಾನ್ಸ್ ಬರಲ್ಲ ಅನ್ನುತ್ತೀರಿ. "ಹಿಂದೆ ನಿಂತ್ಕೋ" ಅನ್ನುತ್ತಾಳೆ. ಮೂರನೇ ಸುತ್ತಿಗೆ ನಿಮ್ಮ ಹತ್ತಿರ ಕಾರಣ ಮುಗಿದಿರುತ್ತದೆ. ಅವಳಿಗೆ ತಾನು ಎಲ್ಲಾ ಸಮಸ್ಯೆ ಬಗೆಹರಿಸಿದೆ ಅನ್ನೋ ಖುಷಿ. ಈಗಲೂ ನೀವು ಇಲ್ಲ ಅಂದರೆ ಅದು ನಿಜಕ್ಕೂ ನೋವಾಗುತ್ತದೆ, ಯಾಕೆಂದರೆ ಉಳಿದಿರೋದು "ನಿನಗೆ ಮನಸ್ಸಿಲ್ಲ" ಅನ್ನೋದೊಂದೇ.

ಪರಿಹಾರ ಇರುವ ಕಾರಣ ಕೊಟ್ಟರೆ ಪರಿಹಾರ ಬರುತ್ತದೆ. ಅದಕ್ಕೇ ಒಂದೇ ಒಂದು ಕಾರಣ ಹೇಳಿ, ಅದೂ ಯಾರೂ ದುಡ್ಡು ಕೊಟ್ಟೋ ಬಸ್ ಬುಕ್ ಮಾಡಿಯೋ ಸರಿಮಾಡಲಾಗದ್ದು. ನಿಮ್ಮ ಹತ್ತಿರ ಅಂಥದ್ದು ಇದೆ, ಅದು ನಿಜವೂ ಹೌದು.

ಇಲ್ಲಿ ನೀವು ಹಿಂದೇಟು ಹಾಕುತ್ತೀರಿ ಅಂತ ಗೊತ್ತು. ಅವಳ ಸಂತೋಷದ ಹೊತ್ತಿನಲ್ಲಿ ನನ್ನ ಮುರಿದ ಸಂಬಂಧದ ಗೋಳು ಯಾಕೆ ಅಂತ ಅನ್ನಿಸುತ್ತದೆ. ಪೂರ್ತಿ ಕಥೆ ಹೇಳಬೇಕಾಗಿಲ್ಲ. ಅವನು ಏನಂದ, ನೀವು ಎಷ್ಟು ಅತ್ತಿರಿ, ರಾತ್ರಿ ನಿದ್ದೆ ಬರುತ್ತದಾ ಇಲ್ವಾ, ಇದ್ಯಾವುದೂ ಬೇಡ. ಎರಡು ವಾಕ್ಯ ಸಾಕು. ಹೇಳದೇ ಇದ್ದರೆ ಆಗೋ ಅಪಾಯ ದೊಡ್ಡದು. ನಿಶ್ಚಿತಾರ್ಥ ಮುರಿದದ್ದು ಅವಳಿಗೆ ಗೊತ್ತಿದೆ. ನೀವು ಕಾರಣ ಹೇಳದಿದ್ದರೆ ಅವಳೇ ಒಂದನ್ನು ಹುಡುಕಿಕೊಳ್ಳುತ್ತಾಳೆ, ಅದು ಬಹುಶಃ "ನನ್ನ ಮದುವೆ ನೋಡಿ ಅವಳಿಗೆ ಹೊಟ್ಟೆಕಿಚ್ಚು" ಅಂತ ಇರುತ್ತದೆ. ಅವಳಿಗೆ ಹೊಳೆಯದಿದ್ದರೂ ಗುಂಪಿನಲ್ಲಿ ಯಾರಿಗಾದರೂ ಹೊಳೆಯುತ್ತದೆ.

ಸ್ನೇಹ ಹೋಗುತ್ತದಾ ಅಂತ ಕೇಳಿದಿರಿ. ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ ಅನ್ನೋ ಇಬ್ಬರು ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಆಹ್ವಾನವನ್ನು ನಿರಾಕರಿಸುವವರು, ಕರೆದವರಿಗೆ ಎಷ್ಟು ಬೇಸರವಾಗಬಹುದು ಅಂತ ಊಹಿಸುತ್ತಾರಲ್ಲ, ನಿಜವಾಗಿ ಆಗೋ ಬೇಸರ ಅದಕ್ಕಿಂತ ಕಡಿಮೆ ಅಂತ ಅವರು ತೋರಿಸಿದರು. ಇಲ್ಲ ಅಂದವರಿಗೆ ತಮ್ಮ "ಇಲ್ಲ" ಒಂದೇ ಕಾಣುತ್ತದೆ. ಕರೆದವರು ಮಾತ್ರ, ಇವಳು ಯೋಚನೆ ಮಾಡಿಯೇ ಹೇಳಿರಬೇಕು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಆ ಅಧ್ಯಯನ ಊಟಕ್ಕೆ, ಸುತ್ತಾಟಕ್ಕೆ ಕರೆಯುವಂಥ ಆಹ್ವಾನಗಳದ್ದು. ಧೆಡಿಯಾಗಿ ನಿಲ್ಲು ಅನ್ನೋದು ಅದಕ್ಕಿಂತ ಬಹಳ ದೊಡ್ಡ ಕೇಳಿಕೆ. ಹಾಗಾಗಿ ಏನೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಬೇಸರ ಆಗುತ್ತದೆ, ಕೆಲವು ವಾರ ಮಾತು ತಣ್ಣಗಾಗಬಹುದು. ನನ್ನ ಅನುಭವದಲ್ಲಿ ಸ್ನೇಹ ನಿಜವಾಗಿ ಮುರಿಯೋದು "ಇಲ್ಲ" ಅಂದದ್ದರಿಂದ ಕಡಿಮೆ, ಯಾವಾಗ ಅಂದರು ಅನ್ನೋದರಿಂದ ಜಾಸ್ತಿ.

ಈ "ಯಾವಾಗ" ಅನ್ನೋದಕ್ಕೆ ನಿಮ್ಮ ವಿಷಯದಲ್ಲಿ ಒಂದು ಗಟ್ಟಿ ಗಡುವಿದೆ. ಅದು ಟೈಲರ್ ಕತ್ತರಿ ಹಾಕೋ ದಿನ. ಧೆಡಿಯರ ಗೌನುಗಳಿಗೆ ಬಟ್ಟೆಯನ್ನು ಒಂದೇ ಥಾನಿನಿಂದ ತೆಗೆಯುತ್ತಾರೆ. ಆಮೇಲೆ ಎರಡು ಮೀಟರ್ ಕಡಿಮೆ ಬಿತ್ತು ಅಂತ ಅಂಗಡಿಗೆ ಹೋದರೆ ಅದೇ ಹೆಸರಿನ ಬಣ್ಣ ಸಿಗಬಹುದು, ಅದೇ ಛಾಯೆ ಸಿಗೋದು ಕಷ್ಟ. ಫೋಟೊದಲ್ಲಿ ಅದು ಎದ್ದು ಕಾಣುತ್ತದೆ. ನಿಮ್ಮ ಅಳತೆಗೆ ಕತ್ತರಿಸಿದ ಬಟ್ಟೆ ನಿಮಗಿಂತ ದಪ್ಪಗಿರುವ ಹುಡುಗಿಗೆ ಆಗುವುದಿಲ್ಲ. ಜೊತೆಗೆ ಮಂಗಳೂರಿನ ಮದುವೆ ಲೆಕ್ಕ ಗೊತ್ತಿದೆಯಲ್ಲ? ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲದಲ್ಲಿ ಮದುವೆಗಳು ಅಪರೂಪ. ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ ಇನ್ನೂ ಅಪರೂಪ. ನಡುವೆ ಸಿಗೋ ಕೆಲವು ವಾರಗಳಲ್ಲಿ ಎಲ್ಲರ ಮದುವೆ, ಎಲ್ಲರ ಗೌನು, ಎಲ್ಲರ ಬ್ಲೌಸು. ಡಿಸೆಂಬರಿನಲ್ಲಿ ಹೊಸ ಆರ್ಡರ್ ತೆಗೆದುಕೊಳ್ಳುವ ಟೈಲರ್ ಸಿಕ್ಕರೆ ಪುಣ್ಯ. ಡ್ಯಾನ್ಸಿನದ್ದೂ ಇದೇ ಕಥೆ. ಧೆಡಿಯರಿಗೂ ಧೆಡೊಗಳಿಗೂ ಜೋಡಿ ಹಾಕಿರುತ್ತಾರೆ. ಒಬ್ಬಳು ಬಿಟ್ಟರೆ ಒಬ್ಬ ಹುಡುಗ ಒಂಟಿ, ಹೆಜ್ಜೆ ಎಲ್ಲಾ ಬದಲಿಸಬೇಕು.

ಅಂದರೆ ಅಕ್ಟೋಬರಿನಲ್ಲಿ ಹೇಳಿದರೆ ಅವಳಿಗೆ ಬೇಸರ ಆಗುತ್ತದೆ, ಇನ್ನೊಬ್ಬಳನ್ನು ಹುಡುಕಲು ಪುರುಸೊತ್ತೂ ಇರುತ್ತದೆ. ಡಿಸೆಂಬರಿನಲ್ಲಿ ಹೇಳಿದರೆ ಅವಳ ಇಡೀ ಮನೆಗೆ ತಲೆನೋವು, ಮತ್ತು ಅದು ನಿಮ್ಮ ಹೆಸರಿನ ಜೊತೆ ಸೇರಿಕೊಳ್ಳುತ್ತದೆ. ಅಳತೆ ಕೊಡಬೇಡಿ. "ಆಮೇಲೆ ಹೇಳೋಣ, ಸದ್ಯಕ್ಕೆ ಅಳತೆ ಕೊಟ್ಟಿರೋಣ" ಅಂತ ಅನ್ನಿಸುತ್ತದೆ. ಈ ತನಕ ನೀವು ಹೌದು ಅಂತ ಬಾಯಿಬಿಟ್ಟು ಹೇಳಿಲ್ಲ, ಕ್ಯಾಮೆರಾ ಮುಂದೆ ತಬ್ಬಿಕೊಂಡಿದ್ದೀರಿ ಅಷ್ಟೇ. ಅಳತೆ ಕಳಿಸಿದಿರೋ, ಅದು ಸ್ಪಷ್ಟವಾದ ಹೌದು.

ಹೇಗೆ ಹೇಳೋದು? ಗುಂಪಿನಲ್ಲಿ ಅಲ್ಲ, ಮೆಸೇಜಿನಲ್ಲೂ ಅಲ್ಲ. ಅವಳೂ ಬೆಂಗಳೂರಿನಲ್ಲಿದ್ದರೆ ಭೇಟಿ ಆಗಿ, ಇಲ್ಲದಿದ್ದರೆ ಫೋನ್ ಮಾಡಿ. ಅವಳು ಒಬ್ಬಳೇ ಇರೋ ಹೊತ್ತು ಕೇಳಿಕೊಂಡು ಮಾಡಿ, ಭಾವಿ ಗಂಡನ ಜೊತೆ ಹಾಲ್ ನೋಡಲು ಹೋಗಿರುವಾಗ ಬೇಡ. ಮಾತು ಸುಮಾರು ಹೀಗಿರಲಿ:

"ನಿನ್ನ ಹತ್ತಿರ ಒಂದು ವಿಷಯ ಹೇಳ್ಬೇಕು, ಮೊದಲೇ ಹೇಳ್ಬೇಕಿತ್ತು. ನಾನು ನಿನ್ನ ಪಕ್ಕ ಧೆಡಿಯಾಗಿ ನಿಲ್ಲೋದಿಲ್ಲ. ನನ್ನ ಎಂಗೇಜ್‌ಮೆಂಟ್ ವಿಷಯದಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ, ಅಷ್ಟು ಜನರ ಎದುರು ಕೂರೋ ಶಕ್ತಿ ನನಗೆ ಈಗ ಇಲ್ಲ. ನೀನು ನನ್ನನ್ನು ಕೇಳಿದ್ದು ನನಗೆ ತುಂಬಾ ದೊಡ್ಡದು. ಮದುವೆಗೆ ಬಂದೇ ಬರ್ತೇನೆ. ಗೌನಿಗೆ ನನ್ನ ಅಳತೆ ಕೊಡ್ತಿಲ್ಲ, ನಿನಗೆ ಬೇರೆಯವರನ್ನು ಕೇಳಲು ಟೈಮ್ ಸಿಗ್ಲಿ ಅಂತ ಈಗ್ಲೇ ಹೇಳ್ತಿದ್ದೇನೆ."

ಗಮನಿಸಿ, "ಆಗ್ಲಿಕ್ಕಿಲ್ಲ ಅನ್ಸುತ್ತೆ", "ಟ್ರೈ ಮಾಡ್ತೇನೆ" ಇವು ಇದರಲ್ಲಿಲ್ಲ. ನಾವು ಮರ್ಯಾದೆಗೆ ಅಂತ ಇಂಥ ಮಾತು ಸೇರಿಸುತ್ತೇವೆ. ಕೇಳುವವಳು ಮಾತ್ರ ಅದರಲ್ಲಿ ಸಣ್ಣ ಬಾಗಿಲು ತೆರೆದಿರೋದನ್ನು ಕಂಡು, ಪ್ರತಿವಾರ ಬಂದು ತಟ್ಟುತ್ತಾಳೆ. ಮತ್ತೆ ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ತಡೆಯಲಾಗದೆ ಜನ ರಜೆ, ಖರ್ಚು ಎಲ್ಲಾ ಸೇರಿಸುತ್ತಾ ಹೋಗುತ್ತಾರೆ, ಆಗ ಹಳೆಯ ಚೌಕಾಸಿ ಶುರು.

ಅವಳು ಅಳಬಹುದು, ಅಳಲಿ. "ಹಾಗಾದ್ರೆ ವಿಡಿಯೊದಲ್ಲಿ ಯಾಕೆ ನಕ್ಕೆ?" ಅಂತ ಸಿಟ್ಟಾಗಬಹುದು. ಅದು ನ್ಯಾಯವಾದ ಪ್ರಶ್ನೆ. "ಕ್ಯಾಮೆರಾ ಇತ್ತು, ನಿನ್ನ ಮುಖ ನೋಡಿ ಇಲ್ಲ ಅನ್ನಲು ಆಗಲಿಲ್ಲ, ಆಮೇಲೆ ಎಳೆದದ್ದು ನನ್ನ ತಪ್ಪು" ಅಂತ ಒಪ್ಪಿಕೊಳ್ಳಿ, ಒಂದೇ ಸಲ. "ನನ್ನ ಆಂಟಿಯರಿಗೆಲ್ಲ ನಾನು ಹೇಳಿಡ್ತೇನೆ, ಯಾರೂ ಏನೂ ಕೇಳಲ್ಲ" ಅಂತಲೂ ಅನ್ನಬಹುದು. ಅದು ಅವಳ ಕೈಯಲ್ಲಿಲ್ಲದ ಮಾತು. ಇನ್ನೂ ಕೆಟ್ಟದ್ದೆಂದರೆ, ಹಾಗೆ ಹೇಳಿಡಲು ಅವಳು ನಿಮ್ಮ ಕಥೆಯನ್ನು ಎಲ್ಲರಿಗೂ ಹೇಳಬೇಕಾಗುತ್ತದೆ. "ಬೇಡ, ಇದು ನಮ್ಮಿಬ್ಬರಲ್ಲೇ ಇರಲಿ" ಅಂತ ಸ್ಪಷ್ಟವಾಗಿ ಹೇಳಿ. ಬೇರೆಯವರಿಗೆ ಏನು ಹೇಳೋದು ಅಂತ ಇಬ್ಬರೂ ಆಗಲೇ ಮಾತಾಡಿಕೊಳ್ಳಿ. "ಈ ಸಲ ಅವಳಿಗೆ ಆಗ್ಲಿಲ್ಲ" ಅನ್ನೋದು ಸಾಕು. ಅವಳಿಗೆ ಫೋನ್ ಮಾಡುವ ಮೊದಲೇ ನಿಮ್ಮ ಅಮ್ಮನಿಗೂ ವಿಷಯ ತಿಳಿಸಿ. ಆ ಕಡೆಯಿಂದ ಫೋನ್ ಬಂದೇ ಬರುತ್ತದೆ.

ಪೂರ್ತಿ ಇಲ್ಲ ಅನ್ನುವ ಬದಲು ನಡುವಿನ ದಾರಿಗಳೂ ಇವೆ, ಆದರೆ ಅವುಗಳ ತೊಡಕು ತಿಳಿದಿರಲಿ. ಚರ್ಚಿನಲ್ಲಿ ಮಾತ್ರ ನಿಲ್ಲುತ್ತೇನೆ, ರೋಸ್ ಮತ್ತು ಹಾಲ್ ಬೇಡ ಅನ್ನಬಹುದು. ಚರ್ಚಿನಲ್ಲಿ ಯಾರೂ ಮಾತಾಡಿಸುವುದಿಲ್ಲ, ಅಷ್ಟು ನಿಮಗೆ ಹಗುರ. ಆದರೆ ಗೌನು ಹೊಲಿಸಲೇಬೇಕು, ಫೋಟೊ ಮುಗಿಸಿ ಅದೇ ಗೌನಿನಲ್ಲಿ ಹಾಲಿಗೆ ಬಂದವಳನ್ನು ಸ್ಟೇಜಿಗೆ ಹತ್ತಬೇಡ ಅಂತ ಯಾರೂ ಬಿಡುವುದಿಲ್ಲ. ಅರ್ಧ ಒಪ್ಪಿದ್ದು ಆ ದಿನದ ಗದ್ದಲದಲ್ಲಿ ಪೂರ್ತಿಯಾಗಿಬಿಡುತ್ತದೆ. ಧೆಡಿ ಬೇಡ, ಸಾಕ್ಷಿಯಾಗಿ ಸಹಿ ಮಾತ್ರ ಹಾಕುತ್ತೇನೆ ಅನ್ನೋದು ನನಗೆ ಇದಕ್ಕಿಂತ ಇಷ್ಟ. ನಿಮ್ಮ ಸೀರೆಯಲ್ಲೇ ಮುಂದಿನ ಬೆಂಚಿನಲ್ಲಿ ಕೂತು, ಕರೆದಾಗ ಎದ್ದು ಹೋಗಿ ಸಹಿ ಹಾಕಿ ಬರೋದು. ಇಬ್ಬರೇ ಸಾಕ್ಷಿ ಬೇಕಾದ ಕಡೆ ಅದರಲ್ಲಿ ಒಂದು ಹೆಸರು ನಿಮ್ಮದು ಅಂದರೆ ಸಣ್ಣ ವಿಷಯ ಅಲ್ಲ. ಆದರೆ ಆ ಜಾಗವನ್ನು ಅವಳು ಇನ್ನೊಬ್ಬ ಧೆಡಿಗೋ ತಂಗಿಗೋ ಇಟ್ಟಿರಬಹುದು. ಹಾಗಾಗಿ ನೀವಾಗಿ ಕೇಳಬೇಡಿ. "ಹಾಗಾದ್ರೆ ಬೇರೆ ಏನಾದ್ರೂ ಮಾಡ್ತೀಯಾ?" ಅಂತ ಅವಳೇ ಕೇಳಿದರೆ ಇದನ್ನು ಹೇಳಿ. ಗುರುಗಳನ್ನು ಅವಳು ಒಂದು ಮಾತು ಕೇಳಿಕೊಳ್ಳಲಿ. ಬಲಿಪೂಜೆಯಲ್ಲಿ ಬೈಬಲ್ ವಾಚನ ಕೊಡ್ತೇನೆ ಅಂತ ಅವಳು ಉತ್ಸಾಹದಲ್ಲಿ ಅಂದರೆ ಒಪ್ಪಬೇಡಿ. ಅದನ್ನು ಸಾಮಾನ್ಯವಾಗಿ ಕ್ಯಾಥೊಲಿಕರೇ ಓದಬೇಕು, ಆಮೇಲೆ ಅಲ್ಲೂ ಒಂದು ಗೊಂದಲ ಆಗುತ್ತದೆ.

ಸ್ಟೇಜಿನಿಂದ ದೂರ ಇರುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಬಹುದು. ಮದುವೆ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನಲ್ಲಿ ಅವಳ ಜೊತೆ ಇರೋದು, ಸಾಡೊ ಉಡಿಸುವಾಗ ಕೈಜೋಡಿಸೋದು. ಅಲ್ಲಿ ನಾಲ್ಕೇ ಜನ, ನಿಮಗೆ ಗೊತ್ತಿರುವವರು. ಆದರೆ ಒಂದು ಕೆಲಸ ಮಾತ್ರ ಒಪ್ಪಿಕೊಳ್ಳಿ. ಇಲ್ಲ ಅಂದ ತಪ್ಪಿತಸ್ಥ ಭಾವದಲ್ಲಿ ಜನ ನಾಲ್ಕು ಧೆಡಿಯರ ಕೆಲಸ ಹೊತ್ತುಕೊಂಡದ್ದನ್ನು ನೋಡಿದ್ದೇನೆ.

ಹೌದು ಅಂದು ನಿಂತುಬಿಡೋದು ಇನ್ನೊಂದು ದಾರಿ. ಜನವರಿಯ ಹೊತ್ತಿಗೆ ನೀವು ಚೇತರಿಸಿಕೊಂಡಿರಬಹುದು, ಅದೂ ಸಾಧ್ಯ. ಆದರೆ ನಿಮಗೆ ಬೇಕಾದಷ್ಟು ಚೇತರಿಕೆ ಆಗಿಲ್ಲ ಅಂತ ಗೊತ್ತಾಗೋದು ರೋಸ್‌ನ ಸಂಜೆ, ಆಗ ಹಿಂದೆ ಸರಿಯಲು ಜಾಗ ಇರುವುದಿಲ್ಲ. ನಿಮ್ಮ ಪತ್ರ ಓದಿದರೆ ನಾನು ಈ ದಾರಿ ಹೇಳುವುದಿಲ್ಲ. ಹಾಗೆಯೇ ಮದುವೆಗೇ ಹೋಗದೆ ಇರೋದನ್ನೂ ಹೇಳುವುದಿಲ್ಲ. ಪಕ್ಕ ನಿಲ್ಲಲಾರೆ ಅನ್ನೋದನ್ನು ಅವಳು ಅರ್ಥ ಮಾಡಿಕೊಂಡಾಳು, ಕಾಣಿಸಿಕೊಳ್ಳಲೇ ಇಲ್ಲ ಅನ್ನೋದನ್ನು ಮರೆಯೋದು ಕಷ್ಟ. ರೋಸ್‌ಗೆ ಹೋದರೆ ಅತಿಥಿಯಾಗಿ ಸಾಲಿನಲ್ಲಿ ಬಂದು, ಅವಳಿಗೆ ಹಾಲು ಹಚ್ಚಿ, ಊಟ ಮಾಡಿ ಹೊರಡಬಹುದು. ಸಾಕು ಅನ್ನಿಸಿದಾಗ ಎದ್ದು ಹೋಗಲು ಆಗಬೇಕು, ನಿಮಗೆ ಬೇಕಾದದ್ದು ಅದೇ. ರಿಸೆಪ್ಷನ್ ಹಾಲ್‌ನಲ್ಲಿ ಹಾಸ್ಟೆಲ್ ಗೆಳತಿಯರ ಟೇಬಲ್ಲಿನಲ್ಲಿ ಕೂತುಕೊಳ್ಳಿ.

ಫೋನ್ ಆದ ಮೇಲೆ ಮಾಡಬೇಕಾದ್ದು ಸ್ವಲ್ಪ ಇದೆ. ಗುಂಪಿನಲ್ಲಿ ಅವಳೇ ವಿಷಯ ತಿಳಿಸಲಿ, ಆಮೇಲೆ ನೀವು ಒಂದು ಸಾಲು ಬರೆದು ಹೊರಗೆ ಬನ್ನಿ. ಸದ್ದಿಲ್ಲದೆ ಎಕ್ಸಿಟ್ ಆದರೆ ಜಗಳ ಅಂತ ಎಲ್ಲರೂ ತಿಳಿಯುತ್ತಾರೆ. ಗಿಫ್ಟ್ ಬಾಕ್ಸ್ ವಾಪಸ್ ಕೊಡಬೇಡಿ, ಅದು ಅವಮಾನದ ಹಾಗೆ ಕಾಣುತ್ತದೆ. ನಿಮ್ಮ ಪಾಲಿನ ಬಟ್ಟೆ ಈಗಾಗಲೇ ತೆಗೆದಿದ್ದರೆ, ಮೇಕಪ್‌ನವರಿಗೆ ನಿಮ್ಮ ಲೆಕ್ಕದಲ್ಲಿ ಮುಂಗಡ ಕೊಟ್ಟಿದ್ದರೆ, ಎಷ್ಟು ಅಂತ ಕೇಳಿ ಕೊಟ್ಟುಬಿಡಿ. ಅವಳು ಬೇಡ ಅಂದರೂ ಒಂದು ಸಲ ಒತ್ತಾಯ ಮಾಡಿ. ಒಂದು ವಾರ ಬಿಟ್ಟು ನೀವೇ ಫೋನ್ ಮಾಡಿ, ಮದುವೆ ವಿಷಯ ಅಲ್ಲದ ಮಾತಾಡಿ. ಪ್ರತಿ ಸಲ "ಸಾರಿ ಮಾರಾಯ್ತಿ" ಅನ್ನಬೇಡಿ. ಆಗ ಅವಳು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಮದುವೆ ಹತ್ತಿರ ಬಂದ ಹುಡುಗಿಗೆ ಆ ಕೆಲಸ ಬೇಡ.

ನಿಮ್ಮ ಬಗ್ಗೆ ಒಂದು ಮಾತು. ಯಾರದೇ ಮದುವೆ ಕಾಗದ ಬಂದರೂ ಹೊಟ್ಟೆ ತೊಳೆಸುತ್ತದೆ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ ಅಂತಾದರೆ ಅದು ಈ ಮದುವೆಯೊಂದರ ವಿಷಯ ಅಲ್ಲ. ಬೆಂಗಳೂರಿನಲ್ಲಿ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಅಲ್ಲಿತನಕ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಇದಕ್ಕೆ ಜನವರಿ ಕಳೆಯಲಿ ಅಂತ ಕಾಯಬೇಕಾಗಿಲ್ಲ.